ಸಸ್ಯಶಾಸ್ತ್ರ ಉಪನ್ಯಾಸಕ ಹುದ್ದೆಗೆ ಇಮೇಲ್ ಅರ್ಜಿ: ನನ್ನ ಒಂಬತ್ತು ಪ್ರಕಟಣೆಗಳನ್ನು ಹೇಗೆ ಬರೆಯಲಿ?

ಮಳಖೇಡದ ಹುಡುಗಿ
ಎಲ್ಲರಿಗೂ ನಮಸ್ಕಾರ. ಬೀದರಿನ ಒಂದು ಖಾಸಗಿ ಪದವಿ ಕಾಲೇಜು ಸಸ್ಯಶಾಸ್ತ್ರ ಉಪನ್ಯಾಸಕರ ಒಂದು ಹುದ್ದೆಗೆ ಅರ್ಜಿ ಕರೆದಿದೆ. ಜಾಹೀರಾತಿನಲ್ಲಿ ಇರುವುದು ಇಷ್ಟೇ: ‘ಸಂಶೋಧನಾ ಆಸಕ್ತಿ ಹಾಗೂ ಪ್ರಕಟಣೆಗಳ ಸಾರಾಂಶದೊಂದಿಗೆ ಇಮೇಲ್ ಮೂಲಕ ಅರ್ಜಿ ಸಲ್ಲಿಸಿ.’ ಕೊನೆಯ ದಿನಕ್ಕೆ ಇನ್ನು ಐದು ದಿನ ಉಳಿದಿದೆ.

ನಾನು ಎಂಎಸ್ಸಿ ಮುಗಿಸಿ ಕೆ-ಸೆಟ್ ಪಾಸಾಗಿದ್ದೇನೆ. ಪಿಎಚ್‌ಡಿ ಪ್ರಬಂಧ ಸಲ್ಲಿಸಿದ್ದೇನೆ, ಮೌಖಿಕ ಪರೀಕ್ಷೆ ಇನ್ನೂ ಆಗಿಲ್ಲ. ತೊಗರಿಯ ನೆಟೆ ರೋಗ ನನ್ನ ವಿಷಯ. ಇಮೇಲ್‌ನಲ್ಲಿ ಸದ್ಯ ಬರೆದಿರುವುದು ಹೀಗಿದೆ:

“ನಾನು ಸಸ್ಯರೋಗಶಾಸ್ತ್ರ, ಶಿಲೀಂಧ್ರಶಾಸ್ತ್ರ, ಜೈವಿಕ ನಿಯಂತ್ರಣ, ಆಣ್ವಿಕ ಜೀವಶಾಸ್ತ್ರ, ಪರಿಸರ ಹಾಗೂ ಸುಸ್ಥಿರ ಕೃಷಿ ಕ್ಷೇತ್ರಗಳಲ್ಲಿ ಅಪಾರ ಆಸಕ್ತಿ ಹೊಂದಿದ್ದೇನೆ. ಪ್ರತಿಷ್ಠಿತ ರಾಷ್ಟ್ರೀಯ ಹಾಗೂ ಅಂತರರಾಷ್ಟ್ರೀಯ ನಿಯತಕಾಲಿಕೆಗಳಲ್ಲಿ ನನ್ನ 9 ಪ್ರಕಟಣೆಗಳಿವೆ.”

ಓದಿದರೆ ನನಗೇ ಇದು ಯಾರದೋ ಅರ್ಜಿಯಂತೆ ಕಾಣುತ್ತದೆ. ಎಲ್ಲಿ ತಪ್ಪಿದೆ?

ಶಹಾಪುರದವನು
ಏನೂ ತಪ್ಪಿಲ್ಲ. 9 ಎನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಪ್ರತಿಯೊಂದರ ಮುಂದೆ ಇಂಪ್ಯಾಕ್ಟ್ ಫ್ಯಾಕ್ಟರ್ ಬರೆಯಿರಿ. ಆಡಳಿತ ಮಂಡಳಿಯವರು ನೋಡುವುದು ಸಂಖ್ಯೆಯನ್ನು ಮಾತ್ರ.

ಸುರಪುರ ಗೆಸ್ಟ್
ಅತಿಥಿ ಉಪನ್ಯಾಸಕರ ಅರ್ಜಿ ಈ ವರ್ಷ ಇಮೇಲ್‌ನಲ್ಲಿಯೇ ಕೊಡಬೇಕೇ? ಕೌನ್ಸೆಲಿಂಗ್ ಯಾವಾಗ? ನನ್ನದು ಕನ್ನಡ ವಿಷಯ, ಆರು ವರ್ಷದ ಅನುಭವವಿದೆ.

ಆಳಂದ ರೋಡ್
@ಸುರಪುರ ಗೆಸ್ಟ್ ಸರ್, ಅದು ಬೇರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಇಲಾಖೆಯ ಜಾಲತಾಣದಲ್ಲಿಯೇ ಅರ್ಜಿ ತುಂಬಬೇಕು. ಇವರು ಕೇಳುತ್ತಿರುವುದು ಖಾಸಗಿ ಕಾಲೇಜಿನ ಹುದ್ದೆಯ ಬಗ್ಗೆ.

@ಮಳಖೇಡದ ಹುಡುಗಿ ಮೇಡಂ, ಒಂಬತ್ತರಲ್ಲಿ ಯಾವುದು ಏನು ಎಂದು ಬಿಡಿಸಿ ಹೇಳುತ್ತೀರಾ? ನಮ್ಮ ವಿಭಾಗದಲ್ಲಿ ‘ಪ್ರಕಟಣೆ’ ಎಂಬ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬುವುದನ್ನು ಬಹಳ ನೋಡಿದ್ದೇನೆ. ನಾನೂ ತುಂಬಿದ್ದೇನೆ.

ಮಳಖೇಡದ ಹುಡುಗಿ
ಮುಚ್ಚಿಡದೆ ಹೇಳುತ್ತೇನೆ. ತಜ್ಞರು ಪರಿಶೀಲಿಸಿದ ನಿಯತಕಾಲಿಕೆಗಳಲ್ಲಿ ಎರಡು ಲೇಖನಗಳಿವೆ. ಒಂದರಲ್ಲಿ ನಾನು ಮೊದಲ ಲೇಖಕಿ, ಇನ್ನೊಂದರಲ್ಲಿ ಮೂರನೆಯವಳು. ವಿಚಾರ ಸಂಕಿರಣಗಳ ಸಾರಲೇಖಗಳು ಮೂರು. ಐಎಸ್‌ಬಿಎನ್ ಇರುವ ಸಂಕಿರಣ ಸಂಪುಟದಲ್ಲಿ ಒಂದು ಅಧ್ಯಾಯ. ನಿಯತಕಾಲಿಕೆಗೆ ಕಳುಹಿಸಿ ಉತ್ತರಕ್ಕೆ ಕಾಯುತ್ತಿರುವುದು ಒಂದು. ದಿನಪತ್ರಿಕೆಯ ಕೃಷಿ ಪುಟದಲ್ಲಿ ಕನ್ನಡ ಲೇಖನ ಒಂದು. ಒಂಬತ್ತನೆಯದು 1,800 ರೂಪಾಯಿ ಕೊಟ್ಟು ಹಾಕಿಸಿದ್ದು. ನಾಲ್ಕೇ ದಿನದಲ್ಲಿ ಪ್ರಕಟವಾಯಿತು, ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗ ಖುಷಿಯಾಗಿತ್ತು, ಈಗ ಅದರ ಹೆಸರು ಹೇಳಲು ನಾಚಿಕೆಯಾಗುತ್ತದೆ.

ಕಮಠಾಣ ಮೇಷ್ಟ್ರು
ಪದವಿ ಕಾಲೇಜಿನಲ್ಲಿ ಪಾಠ ಮಾಡಿ, ಪ್ರಾಂಶುಪಾಲನಾಗಿ ನಿವೃತ್ತನಾದವನು ನಾನು. ಸಂದರ್ಶನದ ಮೇಜಿನ ಆಚೆ ಬಹಳ ಸಲ ಕುಳಿತಿದ್ದೇನೆ, ಆದ್ದರಿಂದ ಆ ಕಡೆಯಿಂದ ಏನು ಕಾಣುತ್ತದೆ ಎಂದು ಹೇಳುತ್ತೇನೆ.

ಶಹಾಪುರದವರ ಮಾತು ಅರ್ಧ ನಿಜ. ಆಡಳಿತ ಮಂಡಳಿಯ ಸದಸ್ಯರು ಸಂಖ್ಯೆಯನ್ನು ನೋಡುತ್ತಾರೆ. ಆದರೆ ಸಮಿತಿಯಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಬಂದ ಒಬ್ಬರು ವಿಷಯ ತಜ್ಞರು ಇರುತ್ತಾರೆ. ಉಳಿದವರು ಚಹಾ ಕುಡಿಯುವಾಗ ಅವರು ನಿಮ್ಮ ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸುತ್ತಾರೆ. ಒಂಬತ್ತು ಎಂದು ಹೇಳಿಕೊಂಡದ್ದು ಅವರ ಕೈಯಲ್ಲಿ ಎರಡಕ್ಕೆ ಇಳಿದರೆ, ಆ ಎರಡನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ. ನೀವಾಗಿಯೇ ‘ಎರಡು’ ಎಂದಿದ್ದರೆ ಅದೇ ಎರಡು ಗಟ್ಟಿಯಾಗಿ ನಿಲ್ಲುತ್ತಿತ್ತು.

ಯುಜಿಸಿ 2018ರ ನಿಯಮಾವಳಿಯಲ್ಲಿ ಕಾಲೇಜು ಸಹಾಯಕ ಪ್ರಾಧ್ಯಾಪಕರನ್ನು ಸಂದರ್ಶನಕ್ಕೆ ಆರಿಸುವ ಅಂಕಪಟ್ಟಿ ಒಂದಿದೆ. ಅದರಲ್ಲಿ ಸಂಶೋಧನಾ ಲೇಖನಕ್ಕೆ ತಲಾ 2 ಅಂಕ, ಗರಿಷ್ಠ 6. ಎಂದರೆ ಮೂರು ಒಳ್ಳೆಯ ಲೇಖನಗಳಾದರೆ ಆ ಅಂಕಣ ತುಂಬಿತು, ನಾಲ್ಕನೆಯದಕ್ಕೆ ಅಲ್ಲಿ ಜಾಗವೇ ಇಲ್ಲ. ಪಿಎಚ್‌ಡಿಗೆ 25 ಅಂಕ, ಸೆಟ್‌ಗೆ 5. ಈ ಅಂಕಗಳು ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ, ಆಯ್ಕೆ ಆಗುವುದು ಸಂದರ್ಶನದಲ್ಲಿ. ಎಲ್ಲ ಖಾಸಗಿ ಸಂಸ್ಥೆಗಳೂ ಇದನ್ನೇ ಹಿಡಿದು ನಡೆಯುತ್ತವೆ ಎಂದು ನಾನು ಹೇಳುತ್ತಿಲ್ಲ. ಒಂಬತ್ತು ಎಂಬ ಅಂಕಿಗಾಗಿ ನೀವು ಪಡುತ್ತಿರುವ ಪಾಡು ಎಷ್ಟು ವ್ಯರ್ಥ ಎಂದು ತೋರಿಸಲು ಹೇಳಿದೆ.

ಶಹಾಪುರದವನು
ಮೇಷ್ಟ್ರೇ, ಹಾಗಾದರೆ 1,800 ರೂಪಾಯಿಯ ಲೇಖನಕ್ಕೂ 2 ಅಂಕ ಸಿಗಬೇಕಲ್ಲ? ಅದಕ್ಕೂ ಐಎಸ್‌ಎಸ್‌ಎನ್ ಇರುತ್ತದೆ. ಅದು ಯುಜಿಸಿ ಕೇರ್ ಪಟ್ಟಿಯಲ್ಲಿ ಇದೆಯೇ ನೋಡಿ. ಇದ್ದರೆ ಹಾಕಿ, ಇಲ್ಲದಿದ್ದರೆ ತೆಗೆಯಿರಿ. ಇಷ್ಟು ಸರಳ.

ಆಳಂದ ರೋಡ್
ಅಷ್ಟು ಸರಳವಾಗಿಲ್ಲ ಅಣ್ಣ. ಕೇರ್ ಪಟ್ಟಿಯನ್ನು ಯುಜಿಸಿ ನಿಲ್ಲಿಸಿದೆ, 2025ರ ಫೆಬ್ರುವರಿಯಲ್ಲಿ ಪ್ರಕಟಣೆ ಬಂತು. ಒಳ್ಳೆಯ ಪತ್ರಿಕೆ ಯಾವುದೆಂದು ಆಯಾ ಸಂಸ್ಥೆಗಳೇ ತೀರ್ಮಾನಿಸಬೇಕಂತೆ. ಹಳೆಯ ಲೇಖನಗಳ ಮಟ್ಟಿಗೆ ಮುಖ್ಯವಾಗುವುದು ಪ್ರಕಟವಾದ ಹೊತ್ತಿನಲ್ಲಿ ಪತ್ರಿಕೆ ಪಟ್ಟಿಯಲ್ಲಿತ್ತೇ ಎಂಬುದು. ಆಗಿನ ಪುಟವನ್ನು ಮುದ್ರಿಸಿ ಇಟ್ಟುಕೊಂಡವರು ಬುದ್ಧಿವಂತರು. ಅದಕ್ಕೂ ಮುಂಚಿನ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ ಒಂದೇ ಏಟಿಗೆ 4,305 ಪತ್ರಿಕೆಗಳನ್ನು ತೆಗೆದುಹಾಕಿದ್ದರು. ಆದ್ದರಿಂದ ‘ಪಟ್ಟಿಯಲ್ಲಿತ್ತು’ ಎಂಬ ಒಂದು ಮಾತನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.

ಐಎಸ್‌ಎಸ್‌ಎನ್ ವಿಷಯದಲ್ಲಂತೂ ನೀವು ಪೂರ್ತಿ ತಪ್ಪು. ಅದು ನಿಯತಕಾಲಿಕೆಯನ್ನು ಗುರುತಿಸುವ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ ಇದ್ದ ಹಾಗೆ. ಚಾಲಕ ಚೆನ್ನಾಗಿ ಓಡಿಸುತ್ತಾನೆಯೇ ಎಂದು ಅದು ಹೇಳುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಅಷ್ಟೇ. ತಜ್ಞರು ಒಪ್ಪುವುದು ಕ್ಲಾರಿವೇಟ್ ಸಂಸ್ಥೆ ಪ್ರತಿ ವರ್ಷ ಕೊಡುವುದನ್ನು. ನಾಲ್ಕು ದಿನದಲ್ಲಿ ಲೇಖನ ಹಾಕುವ ಪತ್ರಿಕೆಗಳು ಯಾರೋ ಕೊಟ್ಟ ಅಂಕಿಯನ್ನು ಮುಖಪುಟದಲ್ಲಿ ಹೊಳೆಯುವಂತೆ ಹಾಕಿಕೊಂಡಿರುತ್ತವೆ. ಅದನ್ನು ಅರ್ಜಿಯಲ್ಲಿ ಬರೆದರೆ, ಪತ್ರಿಕೆ ಎಂಥದ್ದೆಂದು ನೀವೇ ಬೆರಳಿಟ್ಟು ತೋರಿಸಿದಂತೆ.

ಹುಮನಾಬಾದ್ ಅಕ್ಕ
ನನ್ನ ಅನುಭವ ಬೇರೆ. ಅಂಥದೇ ಒಂದು ಲೇಖನವನ್ನು ನಾನು ಪಟ್ಟಿಯಲ್ಲಿ ಹಾಕಿದ್ದೆ, ಯಾರೂ ಕೇಳಲಿಲ್ಲ, ಕೆಲಸವೂ ಸಿಕ್ಕಿತು. ಇವತ್ತಿಗೂ ಅದೇ ಕಾಲೇಜಿನಲ್ಲಿ ಇದ್ದೇನೆ. ಲೇಖನದ ಕೆಲಸ ನಿಜವಾಗಿ ಮಾಡಿದ್ದಾದರೆ ಪತ್ರಿಕೆ ಸರಿಯಿಲ್ಲ ಎಂದ ಮಾತ್ರಕ್ಕೆ ಮುಚ್ಚಿಡುವುದು ಏಕೆ? ನಮ್ಮ ಭಾಗದ ಹುಡುಗಿಯರಿಗೆ ಯಾವ ಪತ್ರಿಕೆ ಒಳ್ಳೆಯದು ಎಂದು ಹೇಳಿಕೊಡುವವರು ಯಾರಿದ್ದರು?

ಕಮಠಾಣ ಮೇಷ್ಟ್ರು
ಅಕ್ಕನವರ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಅದರಲ್ಲಿ ನಮ್ಮಂಥ ಹಿರಿಯರ ತಪ್ಪೂ ಇದೆ. ನನ್ನ ಸಲಹೆ ಇಷ್ಟು: ಇಮೇಲ್‌ನಲ್ಲಿ ಅದನ್ನು ಎತ್ತುವುದು ಬೇಡ. ಲಗತ್ತಿಸುವ ಪೂರ್ಣ ಪಟ್ಟಿಯಲ್ಲಿ ‘ಇತರೆ’ ಎಂಬ ಶೀರ್ಷಿಕೆಯ ಕೆಳಗೆ, ಯಾವ ಹೊಗಳಿಕೆಯೂ ಇಲ್ಲದೆ, ಇರಲಿ. ಸಂದರ್ಶನದಲ್ಲಿ ಕೇಳಿದರೆ ಇಲ್ಲಿ ಹೇಳಿದ್ದನ್ನೇ ಹೇಳಿ.

ಆಳಂದ ರೋಡ್
ನಾನು ಒಪ್ಪುವುದಿಲ್ಲ. ಪೂರ್ತಿ ತೆಗೆದುಬಿಡಬೇಕು.

ಭಾಲ್ಕಿ ಟೈಪಿಸ್ಟ್
ನಾನು ಕಾಲೇಜು ಕಚೇರಿಯಲ್ಲಿ ಇಮೇಲ್ ತೆರೆಯುವವನು. ನಿಮ್ಮ ಪೆಟ್ಟಿಗೆಯಿಂದ ಹೊರಟ ಮೇಲೆ ಅರ್ಜಿಗೆ ಏನಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ, ಆದ್ದರಿಂದ ಹೇಳುತ್ತೇನೆ.

ಮೊದಲು ನಾನು ಅದನ್ನು ಮುದ್ರಿಸುತ್ತೇನೆ. ಕಪ್ಪು ಬಿಳುಪು, ಎ4 ಹಾಳೆ. ನೀವು ನೀಲಿ ಅಕ್ಷರದಲ್ಲಿ ‘ಲೇಖನಕ್ಕೆ ಇಲ್ಲಿ ಒತ್ತಿ’ ಎಂದು ಬರೆದಿದ್ದರೆ ಹಾಳೆಯ ಮೇಲೆ ಒತ್ತಲು ಏನೂ ಇರುವುದಿಲ್ಲ. ಡಿಒಐ ಇದ್ದರೆ 10ರಿಂದ ಶುರುವಾಗುವ ಆ ಸಂಖ್ಯೆಯನ್ನು ಪೂರ್ತಿ ಅಕ್ಷರದಲ್ಲಿ ಬರೆಯಿರಿ. ಕಳುಹಿಸುವ ಮೊದಲು doi.org ಪುಟದಲ್ಲಿ ಹಾಕಿ, ನಿಮ್ಮ ಲೇಖನವೇ ತೆರೆಯುತ್ತದೆಯೇ ನೋಡಿಕೊಳ್ಳಿ. ಒಬ್ಬರದನ್ನು ಹಾಕಿ ನೋಡಿದಾಗ ಯಾವುದೋ ಬೇರೆ ಲೇಖನ ತೆರೆದುಕೊಂಡಿತ್ತು. ಬಹುಶಃ ನಕಲು ಮಾಡುವಾಗ ಒಂದು ಅಂಕಿ ಬಿಟ್ಟುಹೋಗಿರಬೇಕು.

ಎರಡನೆಯದು, ಕನ್ನಡದಲ್ಲಿ ಬರೆಯುವವರಿಗೆ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ಇಮೇಲ್‌ಗೆ ಅಂಟಿಸಿದರೆ ‘ಕನ್ನಡ’ ಎಂಬುದು ನನಗೆ ಹೀಗೆ ಕಾಣುತ್ತದೆ:

```
PÀ£ÀßqÀ
```

ಕಳೆದ ಸಲ ಇಂಥ ಮೂರು ಅರ್ಜಿಗಳು ಬಂದಿದ್ದವು. ಒಬ್ಬರಿಗೆ ನಾನೇ ಫೋನ್ ಮಾಡಿದೆ. ಉಳಿದ ಇಬ್ಬರು ಫೋನ್ ಸಂಖ್ಯೆಯನ್ನು ಎಲ್ಲಿ ಬರೆದಿದ್ದರೋ, ಆ ಗೋಜಲಿನಲ್ಲಿ ನನಗೆ ಸಿಗಲಿಲ್ಲ. ಯೂನಿಕೋಡ್‌ನಲ್ಲಿ ಬರೆಯಿರಿ. ಲಗತ್ತು ಪಿಡಿಎಫ್ ಆಗಿರಲಿ, ಎಲ್ಲವೂ ಒಂದೇ ಕಡತದಲ್ಲಿರಲಿ, ಕಡತಕ್ಕೆ ನಿಮ್ಮ ಹೆಸರು ಇರಲಿ. ನನ್ನ ಗಣಕದಲ್ಲಿ ‘ಹೊಸ ಬಯೋಡೇಟಾ ಫೈನಲ್’ ಎಂಬ ಹೆಸರಿನ ಹನ್ನೊಂದು ಕಡತಗಳಿವೆ.

ಸುರಪುರ ಗೆಸ್ಟ್
ನುಡಿಯಲ್ಲಿ ಬರೆದ ನನ್ನ ಅರ್ಜಿಗೆ ಎರಡು ವರ್ಷದಿಂದ ಯಾರೂ ಉತ್ತರ ಕೊಟ್ಟಿಲ್ಲ ಎಂದರೆ ಇದೇ ಕಾರಣವೇ?

ಭಾಲ್ಕಿ ಟೈಪಿಸ್ಟ್
ಇರಬಹುದು ಸರ್. ಬೇರೆ ಕಾರಣಗಳೂ ಇರಬಹುದು.

ಮಳಖೇಡದ ಹುಡುಗಿ
ಕನ್ನಡದಲ್ಲಿ ಬರೆಯಲೇ, ಇಂಗ್ಲಿಷಿನಲ್ಲಿಯೇ? ಜಾಹೀರಾತು ಕನ್ನಡದಲ್ಲಿತ್ತು, ವಿಷಯ ವಿಜ್ಞಾನ.

ಶಹಾಪುರದವನು
ಇಂಗ್ಲಿಷ್. ವಿಜ್ಞಾನದ ಹುದ್ದೆಗೆ ಕನ್ನಡದಲ್ಲಿ ಅರ್ಜಿ ಬರೆದರೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಳ್ಳುತ್ತಾರೆ.

ಹುಮನಾಬಾದ್ ಅಕ್ಕ
ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದರಲ್ಲಿ ಬರೆಯುವುದು ಮರ್ಯಾದೆ. ಲಗತ್ತಿನಲ್ಲಿ ಲೇಖನಗಳ ಶೀರ್ಷಿಕೆಗಳು ಹೇಗೂ ಇಂಗ್ಲಿಷಿನಲ್ಲಿಯೇ ಇರುತ್ತವೆ, ಅದನ್ನು ನೋಡಿದವರಿಗೆ ಇಂಗ್ಲಿಷ್ ಬರುತ್ತದೆಯೋ ಇಲ್ಲವೋ ತಿಳಿಯುತ್ತದೆ.

ತೊಗರಿ ಹೊಲ
ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ನೆಟೆ ರೋಗ ಎಂದು ಓದಿ ಬಂದೆ. ನಮ್ಮದು ಚಿತ್ತಾಪುರ ತಾಲ್ಲೂಕು. 2022ರಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಗಿಡ ಒಣಗಿ ನಾಲ್ಕು ಎಕರೆ ಹೋಯಿತು. ಅಂಗಡಿಯವರು ಹೇಳಿದ ಔಷಧಿಯನ್ನೆಲ್ಲ ಹೊಡೆದೆ. ತಂಗಿ, ನೀವು ಅದನ್ನೇ ಓದಿದ್ದೀರಿ ಎಂದಿರಿ. ಯಾವ ಔಷಧಿ ಹೊಡೆಯಬೇಕು ಹೇಳಿ.

ಶಹಾಪುರದವನು
ಇದು ಕೃಷಿ ಇಲಾಖೆಯ ಕಚೇರಿ ಅಲ್ಲ ಮಾರಾಯರೆ.

ಮಳಖೇಡದ ಹುಡುಗಿ
ಅಣ್ಣಾ, ಒಣಗಿದ ಮೇಲೆ ಮೇಲಿನಿಂದ ಏನು ಹೊಡೆದರೂ ದುಡ್ಡು ದಂಡ. ಅದು ಎಲೆಗೆ ಬರುವ ರೋಗವಲ್ಲ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರಿನಿಂದ ಒಳಗೆ ಹೋಗುತ್ತದೆ, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೊಲದಲ್ಲಿ ತೇವ ಇದ್ದರೂ ಗಿಡಕ್ಕೆ ನೀರು ಮುಟ್ಟುವುದಿಲ್ಲ. ಮುಂದಿನ ಸಲ ಒಣಗುತ್ತಿರುವ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಓಡಿದ್ದರೆ ಇದೇ ರೋಗ. ಗೆರೆ ಇಲ್ಲದೆ ಬೇರೇ ಕೊಳೆತು ಒಣಗಿ ಪುಡಿಯಾಗುತ್ತಿದ್ದರೆ ಅದು ಒಣ ಬೇರು ಕೊಳೆ ರೋಗ, ಬೇರೆ ಶಿಲೀಂಧ್ರದ್ದು. ನಮ್ಮ ಕಡೆ ಎರಡನ್ನೂ ನೆಟೆ ಎಂದೇ ಕರೆಯುತ್ತಾರೆ, ಅಲ್ಲಿಂದಲೇ ಗೊಂದಲ ಶುರುವಾಗುತ್ತದೆ.

ಹಳೆಯ ಕೂಳೆಯಲ್ಲಿ ಈ ಶಿಲೀಂಧ್ರ ಮೂರು ವರ್ಷದವರೆಗೂ ಬದುಕಿರುತ್ತದೆ. ಆದ್ದರಿಂದ ತೊಗರಿಯ ಮೇಲೆ ತೊಗರಿ ಹಾಕಬೇಡಿ. ಜೋಳದೊಂದಿಗೆ ಅಕ್ಕಡಿಯಾಗಿ ಅಥವಾ ಒಂದೆರಡು ವರ್ಷ ಜೋಳವನ್ನೇ ಹಾಕಿದರೆ ರೋಗ ಕಡಿಮೆಯಾಗುತ್ತದೆ. ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿ, ರೋಗ ತಡೆಯುವ ತಳಿಯನ್ನೇ ಬಿತ್ತಿ. ತಳಿಯ ವಿಷಯದಲ್ಲಿಯೇ ನನ್ನ ಕೆಲಸ ಇರುವುದು. ಸೇಡಂ, ಚಿತ್ತಾಪುರ, ಆಳಂದದ ಹೊಲಗಳಿಂದ ಈ ಶಿಲೀಂಧ್ರವನ್ನು ತಂದು ಒಂದೇ ತಳಿಯ ಗಿಡಗಳಿಗೆ ಸೋಂಕಿಸಿದೆ. ಎಲ್ಲವೂ ಒಂದೇ ರೀತಿ ಕೊಲ್ಲಲಿಲ್ಲ. ಕೆಲವು ಕಡೆಯವು ಬೇಗ ಒಣಗಿಸಿದವು, ಕೆಲವು ತಡವಾಗಿ. ಒಂದು ಊರಿನಲ್ಲಿ ತಡೆದುಕೊಂಡ ತಳಿ ಇನ್ನೊಂದು ಊರಿನಲ್ಲಿ ಏಕೆ ಸೋಲುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನ್ನ ಅನಿಸಿಕೆ. ಆದರೆ ಇದು ಕುಂಡದಲ್ಲಿ ಮಾಡಿದ್ದು, ಹೊಲದಲ್ಲಿ ಇನ್ನೂ ನೋಡಿಲ್ಲ.

ಕಮಠಾಣ ಮೇಷ್ಟ್ರು
ಮೇಡಂ, ನಿಮ್ಮ ಅರ್ಜಿ ಇಲ್ಲಿದೆ! ಕೊನೆಯ ಆರೇಳು ವಾಕ್ಯಗಳನ್ನು ಮತ್ತೆ ಓದಿ. ಯಾವ ಪ್ರಶ್ನೆ ಹಿಡಿದಿರಿ, ಏನು ಮಾಡಿದಿರಿ, ಏನು ಕಂಡಿತು, ಎಲ್ಲಿಗೆ ನಿಂತಿದೆ, ಎಲ್ಲವೂ ಬಂದಿದೆ. ‘ಹೊಲದಲ್ಲಿ ಇನ್ನೂ ನೋಡಿಲ್ಲ’ ಎಂಬ ಮಾತನ್ನು ಮಾತ್ರ ಬಿಡಬೇಡಿ. ವಿಷಯ ತಜ್ಞರು ಮೊದಲು ಕೇಳುವುದು ಅದನ್ನೇ, ನೀವೇ ಹೇಳಿದ್ದರೆ ಅವರು ಅದರ ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಮೊದಲ ಕರಡಿನಲ್ಲಿ ಆರು ಶಾಸ್ತ್ರಗಳ ಹೆಸರಿತ್ತು, ತೊಗರಿ ಎಂಬ ಪದವೇ ಇರಲಿಲ್ಲ, ಗಮನಿಸಿದಿರಾ? ಆಣ್ವಿಕ ಜೀವಶಾಸ್ತ್ರ ಎಂದು ಬರೆದಿದ್ದಿರಿ. ನಿಮ್ಮ ಕೆಲಸದಲ್ಲಿ ಅದು ಎಷ್ಟಿದೆ?

ಮಳಖೇಡದ ಹುಡುಗಿ
ಶಿಲೀಂಧ್ರ ಯಾವುದೆಂದು ಖಚಿತಪಡಿಸಲು ಡಿಎನ್‌ಎ ಮಾದರಿಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದ್ದೆ ಸರ್. ಅಷ್ಟೇ.

ಕಮಠಾಣ ಮೇಷ್ಟ್ರು
ಹಾಗಾದರೆ ತೆಗೆಯಿರಿ. ‘ಪಿಸಿಆರ್ ಯಂತ್ರವನ್ನು ನೀವೇ ನಡೆಸುತ್ತೀರಾ?’ ಎಂಬ ಒಂದೇ ಪ್ರಶ್ನೆಗೆ ಅದು ಬಿದ್ದುಹೋಗುತ್ತದೆ. ಇನ್ನೊಂದು ಮಾತು. ಪಿಎಚ್‌ಡಿ ಎಂದು ಬರೆದು ಬಿಡಬೇಡಿ, ಹೆಸರಿನ ಮುಂದೆ ‘ಡಾ.’ ಹಾಕಬೇಡಿ. ಪದವಿ ಪ್ರದಾನವಾಗುವವರೆಗೆ ಆ 25 ಅಂಕ ನಿಮ್ಮದಲ್ಲ. ನಿಮಗೆ ಅರ್ಹತೆ ಬಂದಿರುವುದು ಕೆ-ಸೆಟ್‌ನಿಂದ, ಅದು ಮೊದಲ ಸಾಲಿನಲ್ಲಿಯೇ ಇರಲಿ.

ಮಳಖೇಡದ ಹುಡುಗಿ
ರಾತ್ರಿ ಕುಳಿತು ಮತ್ತೆ ಬರೆದೆ. ವಿಷಯದ ಸಾಲು: ‘ಸಸ್ಯಶಾಸ್ತ್ರ ಉಪನ್ಯಾಸಕ ಹುದ್ದೆಗೆ ಅರ್ಜಿ: ಎಂಎಸ್ಸಿ, ಕೆ-ಸೆಟ್’. ಒಳಗೆ ಹೀಗಿದೆ:

“ಮಾನ್ಯ ಪ್ರಾಂಶುಪಾಲರಿಗೆ,

ತಮ್ಮ ಕಾಲೇಜಿನ ಸಸ್ಯಶಾಸ್ತ್ರ ಉಪನ್ಯಾಸಕ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಪದವಿ ಪಡೆದು ಕೆ-ಸೆಟ್ ಅರ್ಹತೆ ಹೊಂದಿದ್ದೇನೆ. ಪಿಎಚ್‌ಡಿ ಪ್ರಬಂಧ ಸಲ್ಲಿಸಿದ್ದು ಮೌಖಿಕ ಪರೀಕ್ಷೆ ಬಾಕಿ ಇದೆ.

ನನ್ನ ಸಂಶೋಧನೆ ತೊಗರಿಯ ನೆಟೆ ರೋಗವನ್ನು ಕುರಿತದ್ದು. ರೋಗ ತಡೆಯುವ ತಳಿ ಒಂದು ಊರಿನಲ್ಲಿ ಗೆದ್ದು ಇನ್ನೊಂದು ಊರಿನಲ್ಲಿ ಏಕೆ ಸೋಲುತ್ತದೆ ಎಂಬುದು ನಾನು ಹಿಡಿದ ಪ್ರಶ್ನೆ. ಸೇಡಂ, ಚಿತ್ತಾಪುರ ಹಾಗೂ ಆಳಂದ ತಾಲ್ಲೂಕುಗಳ ಹೊಲಗಳಿಂದ ಫ್ಯುಸೇರಿಯಂ ಶಿಲೀಂಧ್ರವನ್ನು ಬೇರ್ಪಡಿಸಿ, ಕುಂಡಗಳಲ್ಲಿ ಒಂದೇ ತಳಿಯ ಗಿಡಗಳಿಗೆ ಸೋಂಕಿಸಿ ಹೋಲಿಸಿದ್ದೇನೆ. ಗಿಡ ಒಣಗುವ ವೇಗದಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿದೆ. ಹೊಲದಲ್ಲಿ ಇದನ್ನು ಪರೀಕ್ಷಿಸುವುದು ಮುಂದಿನ ಕೆಲಸ. ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸುವ ಭಾಗವನ್ನು ಪದವಿ ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿಯಲ್ಲಿಯೇ ಮಾಡಿಸಬಹುದು.

ತಜ್ಞರು ಪರಿಶೀಲಿಸಿದ ನಿಯತಕಾಲಿಕೆಗಳಲ್ಲಿ ಎರಡು ಲೇಖನಗಳು ಪ್ರಕಟವಾಗಿವೆ. ಒಂದರಲ್ಲಿ ಮೊದಲ ಲೇಖಕಿ, ಇನ್ನೊಂದರಲ್ಲಿ ಮೂರನೆಯ ಲೇಖಕಿ. ಮತ್ತೊಂದು ಲೇಖನ ಪರಿಶೀಲನೆಯಲ್ಲಿದೆ. ಸಂಕಿರಣ ಸಂಪುಟದ ಅಧ್ಯಾಯ ಹಾಗೂ ಸಾರಲೇಖಗಳ ವಿವರ ಲಗತ್ತಿನಲ್ಲಿದೆ.”

ಆಳಂದ ರೋಡ್
ಪ್ರಾಯೋಗಿಕ ತರಗತಿಯ ವಾಕ್ಯ ಚೆನ್ನಾಗಿದೆ. ‘ಪರಿಶೀಲನೆಯಲ್ಲಿದೆ’ ಎನ್ನುವುದಕ್ಕೆ ನಿಯತಕಾಲಿಕೆಯಿಂದ ಬಂದ ಸ್ವೀಕೃತಿ ಇಮೇಲ್ ಇಟ್ಟುಕೊಂಡಿರಿ, ಕೇಳುತ್ತಾರೆ. ದಿನಪತ್ರಿಕೆಯ ಲೇಖನ ಏನಾಯಿತು?

ಮಳಖೇಡದ ಹುಡುಗಿ
ಸಂಶೋಧನೆ ಅಲ್ಲವೆಂದು ತೆಗೆದೆ.

ಹುಮನಾಬಾದ್ ಅಕ್ಕ
ಅಯ್ಯೋ, ಅದನ್ನೇಕೆ ತೆಗೆದಿರಿ? ಪ್ರಕಟಣೆ ಎಂದು ಎಣಿಸಬೇಡಿ, ಸರಿ. ಆದರೆ ‘ರೈತರಿಗಾಗಿ ಕನ್ನಡದಲ್ಲಿಯೂ ಬರೆದಿದ್ದೇನೆ’ ಎಂದು ಒಂದು ಸಾಲು ಇರಲಿ. ಕಾಲೇಜಿಗೆ ಬೇಕಾಗಿರುವುದು ಪಾಠ ಹೇಳುವವರು. ಮೇಲೆ ತೊಗರಿ ಹೊಲದವರಿಗೆ ನೀವು ತಿಳಿಸಿ ಹೇಳಿದಿರಲ್ಲ, ಅದು ಸಮಿತಿಗೆ ಹೇಗೆ ಗೊತ್ತಾಗಬೇಕು?

ಶಹಾಪುರದವನು
ಇಷ್ಟು ಚಿಕ್ಕ ಅರ್ಜಿಯನ್ನು ನಾನು ಎಲ್ಲಿಯೂ ನೋಡಿಲ್ಲ. ನನ್ನದು ನಾಲ್ಕು ಪುಟ ಇತ್ತು.

ಭಾಲ್ಕಿ ಟೈಪಿಸ್ಟ್
ಮುದ್ರಿಸಿದವನನ್ನು ಕೇಳಿ.

ಮಳಖೇಡದ ಹುಡುಗಿ
ಅಕ್ಕ ಹೇಳಿದ ಸಾಲನ್ನು ಸೇರಿಸಿ ನಿನ್ನೆ ಕಳುಹಿಸಿದೆ. 1,800 ರೂಪಾಯಿಯದನ್ನು ಲಗತ್ತಿನಿಂದಲೂ ತೆಗೆದೆ. ಮೇಷ್ಟ್ರ ಮಾತು ಮೀರಿದ್ದಕ್ಕೆ ಬೇಸರ ಬೇಡ, ಅದನ್ನು ನೋಡುತ್ತಾ ಸಂದರ್ಶನದಲ್ಲಿ ಕೂರುವ ಧೈರ್ಯ ನನಗಿಲ್ಲ. ಇವತ್ತು ಕಾಲೇಜಿನಿಂದ ಒಂದೇ ಸಾಲಿನ ಉತ್ತರ ಬಂದಿದೆ: ‘ಸ್ವಯಂ ದೃಢೀಕರಿಸಿದ ಎರಡು ಪ್ರತಿಗಳನ್ನು ಅಂಚೆಯಲ್ಲಿಯೂ ಕಳುಹಿಸಿ.’ ಹಾಗಾದರೆ ಇಮೇಲ್ ಏಕೆ ಕೇಳಿದರೋ!

ಭಾಲ್ಕಿ ಟೈಪಿಸ್ಟ್
ನಮ್ಮಲ್ಲಿ ಮುದ್ರಕದ ಶಾಯಿ ಮುಗಿದಾಗ ನಾವೂ ಹೀಗೆಯೇ ಬರೆಯುತ್ತೇವೆ. ಲಕೋಟೆಯ ಮೇಲೆ ಹುದ್ದೆಯ ಹೆಸರನ್ನು ದೊಡ್ಡದಾಗಿ ಬರೆಯಿರಿ.

ತೊಗರಿ ಹೊಲ
ತಂಗಿ, ಟ್ರೈಕೋಡರ್ಮಾವನ್ನು ಒಂದು ಕಿಲೋ ಬೀಜಕ್ಕೆ ಎಷ್ಟು ಹಾಕಬೇಕು? ಅದನ್ನು ಹೇಳಲಿಲ್ಲ.

ಮಳಖೇಡದ ಹುಡುಗಿ
4 ಗ್ರಾಂ ಅಣ್ಣಾ. ಲೇಪಿಸಿ ನೆರಳಿನಲ್ಲಿ ಆರಿಸಿ, ಬಿಸಿಲಿಗೆ ಇಡಬೇಡಿ.